ಕಾರ್ಖಾನೆಯವರು ‘ಎಲ್ಲಾ ಪರ್ಮಿಷನ್ ಇದೆ’ ಅಂದರೆ ಯಾವ ಕಾಗದ ಕೇಳಬೇಕು?

ಪ್ರಶ್ನೆ: ನಮ್ಮೂರ ಹತ್ತಿರ ಒಂದು ಸಕ್ಕರೆ ಕಾರ್ಖಾನೆ ಇದೆ, ಒಳಗೇ ಡಿಸ್ಟಿಲರಿಯೂ ಇದೆ. ಮೊದಲು ಸಹಕಾರಿ ಆಗಿತ್ತು, ಈಗ ಖಾಸಗಿಯವರು ನಡೆಸುತ್ತಾರೆ. ಅವರು ಬಂದ ಮೇಲೆ ಕಬ್ಬು ನುರಿಸುವುದು ಜಾಸ್ತಿ ಆಗಿದೆ, ಹಂಗಾಮಿನಲ್ಲಿ ಹಳ್ಳಕ್ಕೆ ಕಪ್ಪು ನೀರು ಬರುತ್ತದೆ. ಕೇಳಿದರೆ “ನಮಗೆ ಎಲ್ಲಾ ಪರ್ಮಿಷನ್ ಇದೆ” ಅಂತಾರೆ. ಹೆಸರು ಹಾಕಿ ಇಂಟರ್ನೆಟ್‌ನಲ್ಲಿ ಹುಡುಕಿದೆ, ಏನೂ ಸಿಗಲಿಲ್ಲ. ಆ ಪರ್ಮಿಷನ್ ಕಾಗದಗಳನ್ನು ನಾನು ನೋಡುವುದು ಹೇಗೆ?

ಉತ್ತರ: “ಎಲ್ಲಾ ಪರ್ಮಿಷನ್” ಅನ್ನುವ ಒಂದು ಕಾಗದ ಎಲ್ಲೂ ಇಲ್ಲ. ಇರುವುದು ಬೇರೆ ಬೇರೆ ಕಚೇರಿ ಕೊಟ್ಟ ಬೇರೆ ಬೇರೆ ಕಾಗದ. ಕಾರ್ಖಾನೆ ಹತ್ತಿರ ಇವೆಲ್ಲ ಇರಬಹುದು. ಆದರೂ ಒಂದರಲ್ಲಿರುವ ಸಾಮರ್ಥ್ಯ ಇನ್ನೊಂದರ ಜೊತೆ ಹೊಂದದೇ ಇರಬಹುದು. ಆದ್ದರಿಂದ ನಿಮಗೆ ಕೆಲಸ ಎರಡು. ಕಾಗದ ಹುಡುಕುವುದು ಒಂದು, ಅದರೊಳಗಿನ ಸಂಖ್ಯೆಗಳನ್ನು ಪಕ್ಕಪಕ್ಕ ಇಟ್ಟು ನೋಡುವುದು ಇನ್ನೊಂದು. ಎರಡನೆಯದನ್ನು ಬಹಳ ಜನ ಮಾಡುವುದಿಲ್ಲ.

ಮೊದಲು ಯಾವ ಕಾಗದ ಯಾರದು ಅಂತ ನೋಡೋಣ. ಪರಿಸರ ಅನುಮತಿ, ಅಂದರೆ ಎಲ್ಲರೂ ಇಸಿ ಅನ್ನುವುದು, 2006ರ ಸೆಪ್ಟೆಂಬರ್ 14ರ ಇಐಎ, ಅಂದರೆ ಪರಿಸರದ ಮೇಲಿನ ಪರಿಣಾಮದ ಅಂದಾಜಿನ, ಅಧಿಸೂಚನೆಯಡಿ ಸಿಗುತ್ತದೆ. ಇದನ್ನು ಕಾರ್ಖಾನೆ ಕಟ್ಟುವ ಮೊದಲೇ ಪಡೆಯಬೇಕು. ದೊಡ್ಡ ಯೋಜನೆಗೆ ದೆಹಲಿಯ ಪರಿಸರ ಸಚಿವಾಲಯ ಕೊಡುತ್ತದೆ. ಉಳಿದವಕ್ಕೆ ಬೆಂಗಳೂರಿನಲ್ಲಿರುವ ರಾಜ್ಯ ಪ್ರಾಧಿಕಾರ ಕೊಡುತ್ತದೆ. ಅದನ್ನು ಕಚೇರಿಗಳಲ್ಲಿ ‘ಸಿಯಾ’ ಅಂತ ಕರೆಯುತ್ತಾರೆ.

ಮಾಲಿನ್ಯ ನಿಯಂತ್ರಣ ಮಂಡಳಿ ಕೊಡುವ ಸಮ್ಮತಿ ಪತ್ರವೇ ಬೇರೆ. ಕಟ್ಟುವ ಮೊದಲು ಒಂದು, ಅದು ಸಿಎಫ್ಇ. ನಡೆಸಲು ಇನ್ನೊಂದು, ಅದು ಸಿಎಫ್ಒ. ಇವು 1974ರ ಜಲ ಕಾಯ್ದೆ ಮತ್ತು 1981ರ ವಾಯು ಕಾಯ್ದೆಯ ಕಾಗದಗಳು. ನಮ್ಮ ರಾಜ್ಯದಲ್ಲಿ ಸಾಮಾನ್ಯವಾಗಿ ಎರಡೂ ಕಾಯ್ದೆಗೆ ಸೇರಿಸಿ ಒಂದೇ ಆದೇಶ ಬರುತ್ತದೆ. ಅದರ ಸಂಖ್ಯೆ AW ಅಕ್ಷರಗಳಿಂದ ಶುರುವಾಗುತ್ತದೆ, ಜೊತೆಗೆ ‘ಪಿಸಿಬಿ ಐಡಿ’ ಅಂತ ಒಂದು ಸಂಖ್ಯೆ ಇರುತ್ತದೆ. ಈ ಐಡಿ ಸಿಕ್ಕರೆ ಬಿಡಬೇಡಿ, ಬರೆದಿಟ್ಟುಕೊಳ್ಳಿ. ಕಾರ್ಖಾನೆಯ ಹೆಸರು ಬದಲಾದಾಗ ಮಂಡಳಿಯ ಕಡತ ಹುಡುಕಲು ಹೆಸರಿಗಿಂತ ಈ ಸಂಖ್ಯೆಯೇ ಹೆಚ್ಚು ಉಪಯೋಗಕ್ಕೆ ಬರುತ್ತದೆ. ಅಪಾಯಕಾರಿ ತ್ಯಾಜ್ಯಕ್ಕೆ ಇನ್ನೂ ಒಂದು ಅಧಿಕಾರ ಪತ್ರ ಇರುತ್ತದೆ. ಸಕ್ಕರೆ ಕಾರ್ಖಾನೆಯಲ್ಲಿ ಅದು ಹೆಚ್ಚಾಗಿ ಹಳೆ ಆಯಿಲ್‌ನಂಥದ್ದಕ್ಕೆ. ನಿಮ್ಮ ಹಳ್ಳದ ವಿಷಯಕ್ಕೆ ಅದು ಮುಖ್ಯ ಅಲ್ಲ, ಸದ್ಯಕ್ಕೆ ಬಿಟ್ಟುಬಿಡಿ.

ಈಗ ಹುಡುಕಾಟ. ಇಂಟರ್ನೆಟ್‌ಗೂ ಮೊದಲು ಗೇಟಿನ ಹತ್ತಿರ ಹೋಗಿ. ಅಪಾಯಕಾರಿ ತ್ಯಾಜ್ಯ ಇರುವ ಕಾರ್ಖಾನೆಗಳು ಏನು ಬಳಸುತ್ತೇವೆ, ಎಷ್ಟು ತ್ಯಾಜ್ಯ ನೀರು, ಎಷ್ಟು ಹೊಗೆ ಬಿಡುತ್ತೇವೆ ಅನ್ನುವುದನ್ನು ಗೇಟಿನ ಹೊರಗೆ ಬೋರ್ಡಿನಲ್ಲಿ ಹಾಕಬೇಕು ಅಂತ 2003ರಲ್ಲಿ ಸುಪ್ರೀಂ ಕೋರ್ಟ್ ಹೇಳಿದೆ. ಬಹಳ ಕಡೆ ಆ ಬೋರ್ಡಿನಲ್ಲಿ ಸಮ್ಮತಿ ಆದೇಶದ ಸಂಖ್ಯೆ ಮತ್ತು ಅವಧಿಯೂ ಇರುತ್ತದೆ. ಕೆಲವು ಕಡೆ ಬಣ್ಣ ಹೋಗಿ ಓದಲಿಕ್ಕೇ ಬರುವುದಿಲ್ಲ. ಬೋರ್ಡ್ ಹೇಗೇ ಇರಲಿ, ರಸ್ತೆಯಲ್ಲಿ ನಿಂತು ಒಂದು ಫೋಟೋ ತೆಗೆದುಕೊಳ್ಳಿ. ಕಂಪನಿಯ ಪೂರ್ತಿ ಹೆಸರು, ಊರು, ಸರ್ವೆ ನಂಬರ್ ಕಂಡರೆ ಅದನ್ನೂ ಬರೆದುಕೊಳ್ಳಿ.

ನಿಮಗೆ ಹೆಸರು ಹಾಕಿದಾಗ ಏನೂ ಸಿಗದಿದ್ದಕ್ಕೆ ಕಾರಣ ಹೆಚ್ಚಾಗಿ ಇಲ್ಲೇ ಇದೆ. ಊರವರು ಕರೆಯುವ ಹೆಸರು ಒಂದು, ಕಾಗದದಲ್ಲಿರುವ ಹೆಸರು ಇನ್ನೊಂದು. ಸಹಕಾರಿ ಕಾರ್ಖಾನೆಯನ್ನು ಗುತ್ತಿಗೆಗೆ ಕೊಟ್ಟಿದ್ದರೆ ಹಳೆ ಕಾಗದಗಳೆಲ್ಲ ಸಂಘದ ಹೆಸರಲ್ಲಿ, ಹೊಸವು ಕಂಪನಿಯ ಹೆಸರಲ್ಲಿ ಇರುತ್ತವೆ. ಡಿಸ್ಟಿಲರಿ ಮಾತ್ರ ಮೂರನೇ ಹೆಸರಲ್ಲಿ ಇರುವುದೂ ಉಂಟು. ಇದರ ಜೊತೆ ಊರಿನ ಹೆಸರಿನ ಸ್ಪೆಲಿಂಗ್ ಬೇರೆ. 2014ರ ನವೆಂಬರ್‌ಗಿಂತ ಹಿಂದಿನ ಕಾಗದದಲ್ಲಿ Belgaum, Bijapur, Gulbarga ಅಂತಲೇ ಇರುತ್ತದೆ. ಹೊಸ ಹೆಸರು ಹಾಕಿ ಹುಡುಕಿದರೆ ಅವು ಬರುವುದೇ ಇಲ್ಲ. ಆದ್ದರಿಂದ ಕಂಪನಿಯ ಹೆಸರು ಬಿಡಿ, ಹಳ್ಳಿ ಮತ್ತು ತಾಲ್ಲೂಕಿನ ಹೆಸರಿಂದ ಹುಡುಕಿ. ಎರಡು ಮೂರು ಸ್ಪೆಲಿಂಗ್ ಹಾಕಿ ನೋಡಿ. ಮಾಲೀಕರು ಎಷ್ಟು ಸಲ ಬದಲಾದರೂ ಹಳ್ಳಿ ಅದೇ ಇರುತ್ತದೆ ಅಲ್ವಾ?

ಇಸಿ ಹುಡುಕಲು ಹೋಗಬೇಕಾದ ಜಾಗ parivesh.nic.in. ಇದು 2018ರ ಆಗಸ್ಟ್‌ನಲ್ಲಿ ಶುರುವಾಯಿತು. ಅರ್ಜಿಗಳನ್ನು ನೋಡಲು ಲಾಗಿನ್ ಬೇಕಿಲ್ಲ. ರಾಜ್ಯ ಕರ್ನಾಟಕ, ಅನುಮತಿಯ ಬಗೆ ಇಸಿ ಅಂತ ಆರಿಸಿ, ಆಮೇಲೆ ಹಳ್ಳಿಯ ಹೆಸರು ಹಾಕಿ. ಸಕ್ಕರೆ ಮತ್ತು ಡಿಸ್ಟಿಲರಿ ಎರಡೂ ‘ಇಂಡಸ್ಟ್ರಿ-2’ ಗುಂಪಿಗೆ ಸೇರುತ್ತವೆ. ಅದಕ್ಕೇ ಅರ್ಜಿ ಸಂಖ್ಯೆ ಹೀಗೆ ಕಾಣುತ್ತದೆ:

```
SIA/KA/IND2/.../2019   (ರಾಜ್ಯ ಪ್ರಾಧಿಕಾರಕ್ಕೆ ಹೋದದ್ದು)
IA/KA/IND2/.../2019    (ದೆಹಲಿಗೆ ಹೋದದ್ದು)
```

ಮೊದಲ ಅಕ್ಷರ S ಇದೆಯೋ ಇಲ್ಲವೋ ನೋಡಿದರೆ ಮುಂದೆ ಯಾವ ಕಚೇರಿಗೆ ಬರೆಯಬೇಕು ಅನ್ನುವುದು ತಿಳಿಯುತ್ತದೆ. ಪರಿವೇಶ್‌ಗಿಂತ ಹಿಂದಿನ ಎಷ್ಟೋ ಕಾಗದ ಅಲ್ಲಿ ಸಿಗುವುದಿಲ್ಲ. 2006ರಿಂದ ಮೊದಲ ಕೆಲವು ವರ್ಷಗಳ ರಾಜ್ಯದ ಇಸಿಗಳಿಗೆ ಬೆಂಗಳೂರಿನ ಪ್ರಾಧಿಕಾರಕ್ಕೇ ಬರೆಯಬೇಕಾಗಬಹುದು.

ಅರ್ಜಿ ಸಿಕ್ಕಿದರೆ ಇಸಿ ಪತ್ರ ಒಂದನ್ನೇ ಡೌನ್‌ಲೋಡ್ ಮಾಡಿ ನಿಲ್ಲಿಸಬೇಡಿ. ಅದೇ ಪುಟದಲ್ಲಿ ಇಐಎ ವರದಿ ಇರುತ್ತದೆ. ನೂರಾರು ಪುಟದ ಆ ವರದಿಯ ಮುಂಭಾಗ ಎಲ್ಲ ಕಾರ್ಖಾನೆಗೂ ಒಂದೇ ಥರ. ಕೊನೆಯ ಅನುಬಂಧಗಳಿಗೆ ಹೋಗಿ. ಹಳೇ ಕಾರ್ಖಾನೆಯನ್ನು ದೊಡ್ಡದು ಮಾಡುವ ಅರ್ಜಿಯಾದರೆ ಹಿಂದಿನ ಇಸಿ, ಹಿಂದಿನ ಸಿಎಫ್ಒ, ನೀರು ಎತ್ತಲು ಕೊಟ್ಟ ಅನುಮತಿ ಎಲ್ಲವನ್ನೂ ಅವರೇ ಅಲ್ಲಿ ಲಗತ್ತಿಸಿರುತ್ತಾರೆ. ಮಂಡಳಿಯ ಹಳೆ ಸಮ್ಮತಿ ಪತ್ರ ಅರ್ಜಿ, ಶುಲ್ಕ ಏನೂ ಇಲ್ಲದೆ ಸಿಗುವ ಜಾಗ ಇದೇ ಅಂತ ನನ್ನ ಅನುಭವ. ಸಾರ್ವಜನಿಕ ಅಹವಾಲು ಸಭೆ ನಡೆದಿದ್ದರೆ ಅದರ ನಡಾವಳಿಯೂ ಇರುತ್ತದೆ. ನಿಮ್ಮೂರವರು ಅವತ್ತು ಹಳ್ಳದ ಬಗ್ಗೆ ಕೇಳಿದ್ದು, ಕಂಪನಿ ಕೊಟ್ಟ ಉತ್ತರ, ಎರಡೂ ಅದರಲ್ಲಿ ದಾಖಲಾಗಿರಬೇಕು.

ಪರಿವೇಶ್‌ನಲ್ಲಿ ಸಿಗದಿದ್ದರೆ ಗ್ರಾಮ ಪಂಚಾಯಿತಿಗೆ ಹೋಗಿ. ಇಸಿ ಸಿಕ್ಕ ಮೇಲೆ ಪತ್ರಿಕೆಯಲ್ಲಿ ಜಾಹೀರಾತು ಕೊಟ್ಟು, ಪ್ರತಿಯನ್ನು ಸ್ಥಳೀಯ ಸಂಸ್ಥೆಗೂ ತಲುಪಿಸಬೇಕು. ಪಂಚಾಯಿತಿ ಅದನ್ನು 30 ದಿನ ಜನರಿಗೆ ಕಾಣುವಂತೆ ಹಾಕಬೇಕು. ಇದು ಅಧಿಸೂಚನೆಯ 10ನೇ ಕಂಡಿಕೆಯಲ್ಲಿ ಇದೆ. ಪಂಚಾಯಿತಿಯ ಕಪಾಟಿನಲ್ಲಿ ಆ ಕಾಗದ ಉಳಿದಿದೆಯೋ ಇಲ್ಲವೋ ಅನ್ನುವುದು ಅಲ್ಲಿನ ಪಿಡಿಒ ಮೇಲೆ ಹೋಗುತ್ತದೆ. ಅದೇ ಕಂಡಿಕೆ ಇನ್ನೊಂದು ಮಾತು ಹೇಳುತ್ತದೆ. ಇಸಿ ಪಡೆದವರು ವರ್ಷಕ್ಕೆ ಎರಡು ಸಲ, ಜೂನ್ 1 ಮತ್ತು ಡಿಸೆಂಬರ್ 1ಕ್ಕೆ, ಪ್ರತಿ ಷರತ್ತನ್ನೂ ಹೇಗೆ ಪಾಲಿಸಿದ್ದೇವೆ ಅನ್ನುವ ವರದಿ ಕೊಡಬೇಕು. ಆ ವರದಿ ಸಾರ್ವಜನಿಕ ದಾಖಲೆ, ಅರ್ಜಿ ಹಾಕಿದ ಯಾರಿಗಾದರೂ ಇಸಿ ಕೊಟ್ಟ ಕಚೇರಿ ಪ್ರತಿ ಕೊಡಬೇಕು. ಈ ವರದಿಯ ಜೊತೆ ಚಾಲ್ತಿಯಲ್ಲಿರುವ ಸಿಎಫ್ಒ ಪ್ರತಿಯನ್ನು ಲಗತ್ತಿಸುವುದು ರೂಢಿ. ಅಂದರೆ ಒಂದು ಕಾಗದ ಕೇಳಿದರೆ ಎರಡು ಸಿಕ್ಕೀತು.

ಈಗ ಮಂಡಳಿಯ ಕಡೆಗೆ ಬರೋಣ. ಸಿಎಫ್ಒ ಆನ್‌ಲೈನ್‌ನಲ್ಲಿ ಸಿಕ್ಕರೆ ಸರಿ, ಸಿಗದಿದ್ದರೆ ನಿಮ್ಮ ಜಿಲ್ಲೆಯ ಪ್ರಾದೇಶಿಕ ಕಚೇರಿಯ ಪರಿಸರ ಅಧಿಕಾರಿಯನ್ನು ನೋಡಿ. ಎಲ್ಲರೂ ಇಲ್ಲಿ ಸೀದಾ ಆರ್‌ಟಿಐ ಹಾಕುತ್ತಾರೆ. ಅದಕ್ಕೂ ಮೊದಲು ಇನ್ನೊಂದು ದಾರಿ ಇದೆ. ಜಲ ಕಾಯ್ದೆಯ 25(6)ನೇ ಸೆಕ್ಷನ್ ಪ್ರಕಾರ ಮಂಡಳಿ ಒಂದು ರಿಜಿಸ್ಟರ್ ಇಡಬೇಕು. ಸಮ್ಮತಿಯ ಷರತ್ತುಗಳು ಅದರಲ್ಲಿ ಇರಬೇಕು. ಆ ತ್ಯಾಜ್ಯ ನೀರಿನಿಂದ ತೊಂದರೆಗೆ ಒಳಗಾದವರು ಕಚೇರಿ ಸಮಯದಲ್ಲಿ ಅದನ್ನು ನೋಡಬಹುದು. ವಾಯು ಕಾಯ್ದೆಯ 51ನೇ ಸೆಕ್ಷನ್ ಹೊಗೆಯ ವಿಷಯದಲ್ಲಿ ಇದನ್ನೇ ಹೇಳುತ್ತದೆ. ಹಳ್ಳದ ದಂಡೆಯಲ್ಲಿ ಜಮೀನಿದ್ದರೆ ನೀವು ತೊಂದರೆಗೆ ಒಳಗಾದವರೇ. ಪಹಣಿಯ ಪ್ರತಿ ಇಟ್ಟು, ಈ ಎರಡು ಸೆಕ್ಷನ್ ಹೆಸರಿಸಿ ಅರ್ಧ ಪುಟದ ಅರ್ಜಿ ಕೊಡಿ, ಸ್ವೀಕೃತಿ ಹಾಕಿಸಿಕೊಳ್ಳಿ. ಕೆಲವು ಕಚೇರಿಯಲ್ಲಿ ಅವತ್ತೇ ಕಡತ ತೋರಿಸುತ್ತಾರೆ. ಕೆಲವು ಕಡೆ “ಅಂಥ ರಿಜಿಸ್ಟರ್ ಇಲ್ಲ, ಆರ್‌ಟಿಐ ಹಾಕಿ” ಅಂತಾರೆ. ಆಗ ಹಾಕಿ. ಸ್ವೀಕೃತಿ ಹಾಕಿದ ಅರ್ಜಿ ಮಾತ್ರ ನಿಮ್ಮ ಹತ್ತಿರ ಇರಲಿ.

ಆರ್‌ಟಿಐನಲ್ಲಿ “ಅನುಮತಿ ಇದೆಯೇ, ಯಾಕೆ ಕ್ರಮ ತೆಗೆದುಕೊಂಡಿಲ್ಲ” ಅಂತ ಕೇಳಬೇಡಿ. ಪ್ರಶ್ನೆಗೆ ಉತ್ತರ ಕೊಡುವುದು ಅವರ ಕೆಲಸ ಅಲ್ಲ, ದಾಖಲೆ ಕೊಡುವುದು ಅವರ ಕೆಲಸ. ನಮ್ಮ ರಾಜ್ಯದ ನಿಯಮದಲ್ಲಿ ಒಂದು ಅರ್ಜಿಗೆ ಒಂದೇ ವಿಷಯ, 150 ಪದದೊಳಗೆ. ಶುಲ್ಕ 10 ರೂಪಾಯಿ. ಹೀಗೆ ಬರೆದರೆ ಸಾಕು:

“ಇಂಥ ತಾಲ್ಲೂಕು, ಇಂಥ ಗ್ರಾಮ, ಸರ್ವೆ ನಂ. ಇಷ್ಟರಲ್ಲಿರುವ ಸಕ್ಕರೆ ಕಾರ್ಖಾನೆ ಮತ್ತು ಡಿಸ್ಟಿಲರಿಗೆ (ಯಾವುದೇ ಹೆಸರಿನಲ್ಲಿದ್ದರೂ) ಮಂಡಳಿ ನೀಡಿದ ಎಲ್ಲಾ ಸಿಎಫ್ಇ ಮತ್ತು ಸಿಎಫ್ಒ ಆದೇಶಗಳು ಅನುಬಂಧಗಳ ಸಮೇತ, ಹೆಸರು ಬದಲಾವಣೆಯ ಆದೇಶಗಳು, ಕೊನೆಯ ಸಿಎಫ್ಒ ನವೀಕರಣಕ್ಕೆ ಕೊಟ್ಟ ಅರ್ಜಿ, ಕಳೆದ ಮೂರು ವರ್ಷಗಳ ಫಾರ್ಮ್-5 ಪರಿಸರ ಹೇಳಿಕೆ ಮತ್ತು ತಪಾಸಣಾ ವರದಿಗಳ ದೃಢೀಕೃತ ಪ್ರತಿ ಕೊಡಿ. ಕಡತ ಪರಿಶೀಲಿಸಲು ದಿನಾಂಕ ತಿಳಿಸಿ.”

ಇದರಲ್ಲಿ ‘ಯಾವುದೇ ಹೆಸರಿನಲ್ಲಿದ್ದರೂ’ ಮತ್ತು ‘ಅನುಬಂಧಗಳ ಸಮೇತ’ ಎರಡನ್ನೂ ಬಿಡಬೇಡಿ. ಮೊದಲನೆಯದು ಇಲ್ಲದಿದ್ದರೆ “ಈ ಹೆಸರಿನ ಕಾರ್ಖಾನೆ ಇಲ್ಲ” ಅನ್ನುವ ಉತ್ತರ ಬರಬಹುದು. ಎರಡನೆಯದು ಇಲ್ಲದಿದ್ದರೆ ಆದೇಶದ ಮೊದಲ ಪುಟ ಮಾತ್ರ ಬರಬಹುದು. ಎಷ್ಟು ನೀರು, ಎಲ್ಲಿಗೆ ಬಿಡಬೇಕು ಅನ್ನುವುದು ಇರುವುದು ಹಿಂದಿನ ಪುಟಗಳಲ್ಲಿ. ಫಾರ್ಮ್-5 ಅಂದರೆ ಕಾರ್ಖಾನೆ ಪ್ರತಿ ವರ್ಷ ಸೆಪ್ಟೆಂಬರ್ 30ರೊಳಗೆ ಮಂಡಳಿಗೆ ಕೊಡಬೇಕಾದ ಹೇಳಿಕೆ. ಎಷ್ಟು ಉತ್ಪಾದಿಸಿದೆವು, ಎಷ್ಟು ನೀರು ಬಳಸಿದೆವು ಅಂತ ಅವರೇ ಸಹಿ ಹಾಕಿ ಬರೆದಿರುತ್ತಾರೆ.

ಕಾಗದ ಕೈಗೆ ಬಂದ ಮೇಲೆ ಲೆಕ್ಕ ಹೇಗೆ ಹಾಕುವುದು? ಒಂದು ಉದಾಹರಣೆ ಇಟ್ಟುಕೊಳ್ಳೋಣ, ಸಂಖ್ಯೆಗಳು ಸುಮ್ನೆ ಲೆಕ್ಕಕ್ಕೆ ಹಿಡಿದವು. ಸಿಎಫ್ಒದಲ್ಲಿ ಸಕ್ಕರೆಗೆ ದಿನಕ್ಕೆ 4,900 ಟನ್ ಕಬ್ಬು, ಡಿಸ್ಟಿಲರಿಗೆ ದಿನಕ್ಕೆ 60 ಕಿಲೋಲೀಟರ್ ಅಂತ ಇದೆ. ಪರಿವೇಶ್‌ನಲ್ಲಿ ಡಿಸ್ಟಿಲರಿಗೆ ಇಸಿ ಸಿಕ್ಕಿತು. ಸಕ್ಕರೆಗೆ ಇಸಿಯೇ ಇಲ್ಲ. ಇಷ್ಟಕ್ಕೇ “ಅಕ್ರಮ” ಅಂತ ಬರೆದುಬಿಡುವವರು ಇದ್ದಾರೆ. ಅದು ತಪ್ಪು. 2006ರ ಪಟ್ಟಿಯಲ್ಲಿ ಸಕ್ಕರೆ 5(ಜೆ) ಅನ್ನುವ ಸಾಲಿನಲ್ಲಿದೆ. ದಿನಕ್ಕೆ 5,000 ಟನ್ ಅಥವಾ ಅದಕ್ಕಿಂತ ಜಾಸ್ತಿ ನುರಿಸುವ ಕಾರ್ಖಾನೆಗೆ ಮಾತ್ರ ಇಸಿ ಬೇಕು. 4,900ಕ್ಕೆ ಬೇಡ. ಕಾಕಂಬಿಯಿಂದ ನಡೆಯುವ ಡಿಸ್ಟಿಲರಿಗೆ ಬೇಕು, ಅದು ಇದೆ. ಇಲ್ಲಿವರೆಗೆ ಕಾಗದ ಸರಿಯಾಗಿದೆ.

ಈಗ ನಿಜವಾಗಿ ಎಷ್ಟು ನುರಿಸಿದರು ನೋಡಿ. ಇದು ಗುಟ್ಟೇನಲ್ಲ. ಸಹಕಾರಿಯ ಷೇರುದಾರರಿಗೆ ಬರುವ ವಾರ್ಷಿಕ ವರದಿಯಲ್ಲಿ ಇರುತ್ತದೆ. ಕಬ್ಬು ಅಭಿವೃದ್ಧಿ ಆಯುಕ್ತರ ಕಚೇರಿಯಲ್ಲಿ ಕಾರ್ಖಾನೆವಾರು ಲೆಕ್ಕ ಇರುತ್ತದೆ. ಹಂಗಾಮಿನಲ್ಲಿ 150 ದಿನ ನಡೆದು 9,45,000 ಟನ್ ನುರಿಸಿದ್ದಾರೆ ಅನ್ನೋಣ. ಭಾಗಿಸಿದರೆ ದಿನಕ್ಕೆ 6,300 ಟನ್. ಇದು ಸರಾಸರಿ. ನಿಂತ ದಿನಗಳೂ ಇದರಲ್ಲಿ ಸೇರಿವೆ, ಅಂದರೆ ಕೆಲವು ದಿನ ಇದಕ್ಕಿಂತ ಜಾಸ್ತಿಯೇ ನಡೆದಿರಬೇಕು. ಸಮ್ಮತಿ ಇರುವುದು 4,900ಕ್ಕೆ. ಜೊತೆಗೆ 5,000ದ ಗೆರೆಯನ್ನೂ ದಾಟಿದೆ. ಈಗ ಎರಡು ಪ್ರಶ್ನೆ ಏಳುತ್ತವೆ. ಮಂಡಳಿಯ ಸಮ್ಮತಿಗಿಂತ ಜಾಸ್ತಿ ಉತ್ಪಾದನೆ ಒಂದು, ಇಸಿ ಇಲ್ಲದೆ ವಿಸ್ತರಣೆ ಇನ್ನೊಂದು. ಮೊದಲನೆಯದಕ್ಕೆ ಮಂಡಳಿಗೆ ಬರೆಯಬೇಕು, ಎರಡನೆಯದಕ್ಕೆ ಪ್ರಾಧಿಕಾರಕ್ಕೆ.

ಇದು ಬರೀ ಕಾಗದದ ಜಗಳ ಅಲ್ಲ, ನಿಮ್ಮ ಹಳ್ಳದ ನೀರಿಗೂ ಸೇರಿದ್ದು. ಕೇಂದ್ರ ಸರ್ಕಾರ 2016ರ ಜನವರಿಯಲ್ಲಿ ಹೊರಡಿಸಿದ ಮಾನದಂಡದಂತೆ ಸಕ್ಕರೆ ಕಾರ್ಖಾನೆ ಒಂದು ಟನ್ ಕಬ್ಬಿಗೆ 100 ಲೀಟರ್‌ಗಿಂತ ಜಾಸ್ತಿ ಶುದ್ಧೀಕರಿಸಿದ ತ್ಯಾಜ್ಯ ನೀರು ಬಿಡುವಂತಿಲ್ಲ. ಕೂಲಿಂಗ್ ಟವರ್, ಸ್ಪ್ರೇ ಪಾಂಡ್ ನೀರಿನ ಲೆಕ್ಕ ಬೇರೆ. 4,900 ಟನ್‌ಗೆ 490 ಕಿಲೋಲೀಟರ್ ಆಯಿತು. ತ್ಯಾಜ್ಯ ನೀರಿನ ಘಟಕವನ್ನೂ ಅಷ್ಟಕ್ಕೇ, 500 ಕಿಲೋಲೀಟರ್‌ಗೆ ಕಟ್ಟಿರುತ್ತಾರೆ ಅನ್ನಿ. 6,300 ಟನ್ ನುರಿಸಿದರೆ ಮಾನದಂಡದೊಳಗೇ ನಡೆಸಿದರೂ 630 ಕಿಲೋಲೀಟರ್ ಬರುತ್ತದೆ. ದಿನಾ 130 ಕಿಲೋಲೀಟರ್ ಘಟಕಕ್ಕೆ ಹಿಡಿಸುವುದಿಲ್ಲ. ಅದು ಎಲ್ಲಿಗೆ ಹೋಯಿತು ಅಂತ ಕೇಳುವ ಹಕ್ಕು ನಿಮಗಿದೆ. ಸಿಎಫ್ಒದ ಅನುಬಂಧದಲ್ಲಿ ನೀರನ್ನು ಎಲ್ಲಿಗೆ ಬಿಡಬೇಕು ಅಂತಲೂ ಬರೆದಿರುತ್ತದೆ. ಹೆಚ್ಚಾಗಿ ‘ಸ್ವಂತ ಜಮೀನಿನ ನೀರಾವರಿಗೆ’ ಅಂತ ಇರುತ್ತದೆ. ಹಾಗಿದ್ದರೆ ಹಳ್ಳಕ್ಕೆ ಒಂದು ಕೊಡ ಹೋದರೂ ಷರತ್ತಿನ ಉಲ್ಲಂಘನೆಯೇ.

ಆದರೆ ಆ ಕಪ್ಪು ನೀರು ಸಕ್ಕರೆ ಕಡೆಯದೋ, ಡಿಸ್ಟಿಲರಿಯದೋ ಅನ್ನುವುದನ್ನು ಕಾಗದ ಹೇಳುವುದಿಲ್ಲ. ಕಡು ಕಂದು ಬಣ್ಣ, ಸುಟ್ಟ ಬೆಲ್ಲದಂಥ ವಾಸನೆ ಇದ್ದರೆ ಡಿಸ್ಟಿಲರಿಯ ಸ್ಪೆಂಟ್ ವಾಶ್, ಅಂದರೆ ಮದ್ಯಸಾರ ತೆಗೆದ ಮೇಲೆ ಉಳಿಯುವ ತ್ಯಾಜ್ಯ ನೀರು, ಇರಬಹುದು. ಡಿಸ್ಟಿಲರಿಯ ಇಸಿಯಲ್ಲಿ ಸಾಮಾನ್ಯವಾಗಿ ಹೊರಗೆ ಒಂದು ಹನಿಯೂ ಬಿಡಬಾರದು ಅನ್ನುವ ಷರತ್ತು ಇರುತ್ತದೆ. ಅದನ್ನು ಹುಡುಕಿ ಗೆರೆ ಎಳೆದಿಟ್ಟುಕೊಳ್ಳಿ. ಸಾಬೀತಿಗೆ ಮಾತ್ರ ಮಂಡಳಿಯವರೇ ಬಂದು ಕಾನೂನಿನ ಪ್ರಕಾರ ಮಾದರಿ ತೆಗೆಯಬೇಕು. ನೀವು ಬಾಟಲಿಯಲ್ಲಿ ತುಂಬಿಟ್ಟ ನೀರು ಮಂಡಳಿಯನ್ನು ಕರೆಸಲು ಉಪಯೋಗಕ್ಕೆ ಬರುತ್ತದೆ, ಅಷ್ಟೇ.

ದಿನಾಂಕ ಓದುವಾಗ ಎಡವುವುದು ಸುಲಭ, ಅದನ್ನೂ ಹೇಳಿಬಿಡುತ್ತೇನೆ. ಇಸಿ ಪತ್ರದಲ್ಲಿ ‘ಐದು ವರ್ಷ’ ಅಥವಾ ‘ಏಳು ವರ್ಷ’ ಅಂತ ಅವಧಿ ಕಂಡರೆ ಅದು ಮುಗಿದುಹೋಗಿದೆ ಅಂತ ಕುಣಿಯಬೇಡಿ. ಆ ಅವಧಿ ಕಟ್ಟಿ ಮುಗಿಸಿ ಉತ್ಪಾದನೆ ಶುರು ಮಾಡುವುದಕ್ಕೆ. 2022ರ ತಿದ್ದುಪಡಿಯಲ್ಲಿ ಇದನ್ನು ಇಂಥ ಕಾರ್ಖಾನೆಗಳಿಗೆ 10 ವರ್ಷ ಮಾಡಿದರು. ಸಮಯಕ್ಕೆ ಶುರುವಾದ ಕಾರ್ಖಾನೆಗೆ ಅದೇ ಸಾಮರ್ಥ್ಯದಲ್ಲಿ ಇರುವ ತನಕ ಆ ಇಸಿ ನಡೆಯುತ್ತದೆ, ಷರತ್ತುಗಳೂ ನಡೆಯುತ್ತವೆ. ಮಾಲೀಕರು ಬದಲಾದರೆ ಇಸಿಯನ್ನು ಹೊಸ ಹೆಸರಿಗೆ ವರ್ಗ ಮಾಡಿಸಬೇಕು. ಅದೇ ಷರತ್ತು, ಅದೇ ಸಾಮರ್ಥ್ಯ. ಹೆಸರಿನ ವರ್ಗಾವಣೆ ಪತ್ರ ತೋರಿಸಿ “ನಮಗೆ ಹೊಸ ಇಸಿ ಆಗಿದೆ” ಅನ್ನುವುದನ್ನು ನಂಬಬೇಡಿ, ಒಳಗಿನ ಟನ್ ಸಂಖ್ಯೆ ನೋಡಿ.

ಸಿಎಫ್ಒ ಹಾಗಲ್ಲ. ಅದಕ್ಕೆ ನಿಜವಾದ ಕೊನೆಯ ದಿನ ಇದೆ. ಅವಧಿ ಮುಗಿದ ಸಿಎಫ್ಒ ನಿಮಗೆ ಸಿಕ್ಕರೆ ಕಾರ್ಖಾನೆಯವರು “ನವೀಕರಣಕ್ಕೆ ಹಾಕಿದ್ದೇವೆ” ಅಂತಾರೆ. ಅದು ಪೂರ್ತಿ ನೆಪ ಅಲ್ಲ. ಪೂರ್ಣವಾದ ಅರ್ಜಿ ಕೊಟ್ಟು ನಾಲ್ಕು ತಿಂಗಳಲ್ಲಿ ಮಂಡಳಿ ಹೂಂ ಅನ್ನದೆ, ಊಹೂಂ ಅನ್ನದೆ ಕೂತರೆ ಸಮ್ಮತಿ ಸಿಕ್ಕಿದೆ ಅಂತ ಭಾವಿಸಬೇಕು ಅಂತ ಜಲ ಕಾಯ್ದೆಯ 25(7) ಹೇಳುತ್ತದೆ. ವಾಯು ಕಾಯ್ದೆಯಲ್ಲಿ ಈ ಸವಲತ್ತು ಇಲ್ಲ. ಅದಕ್ಕೇ ಮೇಲಿನ ಆರ್‌ಟಿಐನಲ್ಲಿ ನವೀಕರಣದ ಅರ್ಜಿಯನ್ನೂ ಕೇಳಿ ಅಂದದ್ದು. ಯಾವತ್ತು ಕೊಟ್ಟರು, ಪೂರ್ಣವಾಗಿತ್ತೇ, ಮಂಡಳಿ ಏನಾದರೂ ಕೊರತೆ ಎತ್ತಿ ಪತ್ರ ಬರೆದಿತ್ತೇ, ಅರ್ಜಿಯಲ್ಲಿ ಸಾಮರ್ಥ್ಯ ಎಷ್ಟು ಅಂತ ತುಂಬಿದ್ದಾರೆ, ಇದೆಲ್ಲ ಅದರಲ್ಲಿ ಗೊತ್ತಾಗುತ್ತದೆ. 4,900 ಅಂತ ತುಂಬಿ 6,300 ನುರಿಸುತ್ತಿದ್ದರೆ ನಾಲ್ಕು ತಿಂಗಳ ಆ ನಿಯಮ ಹೆಚ್ಚುವರಿ 1,400 ಟನ್ನಿಗೆ ರಕ್ಷಣೆ ಕೊಡುವುದಿಲ್ಲ.

ಆರ್‌ಟಿಐಗೆ 30 ದಿನದಲ್ಲಿ ಉತ್ತರ ಬರದಿದ್ದರೆ, ಅಥವಾ “ಕಂಪನಿಯ ವಾಣಿಜ್ಯ ಗುಟ್ಟು” ಅಂತ ತಿರಸ್ಕರಿಸಿದರೆ, ಮುಂದಿನ 30 ದಿನದೊಳಗೆ ಮೊದಲ ಮೇಲ್ಮನವಿ ಹಾಕಿ. ಅದರಲ್ಲಿ ಉದ್ದುದ್ದ ವಾದ ಬೇಡ. ಈ ಷರತ್ತುಗಳ ರಿಜಿಸ್ಟರನ್ನು 25(6)ರ ಪ್ರಕಾರ ತೊಂದರೆಗೆ ಒಳಗಾದವರು ನೋಡಬಹುದು ಅಂತ ಕಾಯ್ದೆಯೇ ಹೇಳಿರುವಾಗ ಅದು ಗುಟ್ಟು ಹೇಗಾಗುತ್ತದೆ ಅಂತ ಕೇಳಿ, ಸ್ವೀಕೃತಿ ಹಾಕಿದ ನಿಮ್ಮ ಮೊದಲ ಅರ್ಜಿಯ ಪ್ರತಿ ಲಗತ್ತಿಸಿ.